ಎಷ್ಟು ವರ್ಷ ಆಳಿದರು? ಪಟ್ಟದ ದಿನದಿಂದ ಮರಣದ ದಿನದವರೆಗೆ ಲೆಕ್ಕ ಹಾಕುವ ಬಗೆ

ನಾಲ್ವಡಿ ಕೃಷ್ಣರಾಜ ಒಡೆಯರು ಎಷ್ಟು ವರ್ಷ ಆಳಿದರು? 1895ರಲ್ಲಿ ಪಟ್ಟಕ್ಕೆ ಬಂದರು, 1940ರಲ್ಲಿ ತೀರಿಕೊಂಡರು, ಹಾಗಾಗಿ 45 ವರ್ಷ ಎಂದು ಒಬ್ಬರು ಬರೆಯುತ್ತಾರೆ. ಎರಡೂ ತುದಿಯ ವರ್ಷಗಳನ್ನು ಸೇರಿಸಿ 46 ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರ ಲೆಕ್ಕದಲ್ಲಿ ಅದು 38. ಮೂವರೂ ಕೂಡಿಸುವುದು ಕಳೆಯುವುದು ಬಲ್ಲವರೇ. ಎಲ್ಲಿಂದ ಎಣಿಸಬೇಕು, ತುದಿಯಲ್ಲಿ ಉಳಿಯುವ ತುಂಡು ವರ್ಷವನ್ನು ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಒಬ್ಬೊಬ್ಬರೂ ಒಂದೊಂದು ಉತ್ತರ ಇಟ್ಟುಕೊಂಡಿದ್ದಾರೆ, ಅಷ್ಟೇ. ನಾಲ್ವಡಿಯವರ ದಿನಾಂಕಗಳೆಲ್ಲ ಖಚಿತವಾಗಿ ಸಿಗುವುದರಿಂದ ಮೊದಲು ಅವರ ಲೆಕ್ಕವನ್ನೇ ಪೂರ್ತಿ ಮಾಡೋಣ. ದಿನಾಂಕ ಅಷ್ಟು ಸಲೀಸಾಗಿ ಸಿಗದ ಶಾಸನಗಳ ಕಾಲಕ್ಕೆ ಆಮೇಲೆ ಹೋಗೋಣ.

ಎಲ್ಲಿಂದ ಎಣಿಕೆ?

ಮೊದಲು ಒಂದು ಹಾಳೆಯಲ್ಲಿ ಆ ದೊರೆಯ ಆಳ್ವಿಕೆ ಶುರುವಾಯಿತು ಎನ್ನಬಹುದಾದ ಎಲ್ಲ ದಿನಾಂಕಗಳನ್ನೂ ಬರೆದುಕೊಳ್ಳಿ. ನಾಲ್ವಡಿಯವರಿಗೆ ಅಂಥವು ಮೂರು ಇವೆ. ತಂದೆ ಚಾಮರಾಜೇಂದ್ರ ಒಡೆಯರು ತೀರಿಕೊಂಡದ್ದು 28-12-1894. ಮಗನಿಗೆ ಪಟ್ಟ ಕಟ್ಟಿದ್ದು 1-2-1895. ಆಗ ಅವರು ಹತ್ತು ತುಂಬಿ ಹನ್ನೊಂದರಲ್ಲಿ ನಡೆಯುತ್ತಿದ್ದ ಬಾಲಕ, ಆದ್ದರಿಂದ ತಾಯಿ ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನೋಡಿಕೊಂಡರು. ಪೂರ್ಣ ಅಧಿಕಾರ ಅವರ ಕೈಗೆ ಬಂದದ್ದು 8-8-1902. ಕೊನೆಯ ದಿನಾಂಕ ಮಾತ್ರ ಒಂದೇ, 3-8-1940.

ಇವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದಲ್ಲ. ಸಿಂಹಾಸನದ ಮೇಲೆ ಯಾರಿದ್ದರು ಎಂದು ತೋರಿಸುವ ವಂಶಾವಳಿಗೆ 1895ರ ದಿನಾಂಕ ಸರಿ. ಅವರ ಆಡಳಿತದಲ್ಲಿ ಏನೇನಾಯಿತು ಎಂದು ಬರೆಯುವಾಗ 1902ರದು ಸರಿ. ಮೈಸೂರು ಸಂಸ್ಥಾನವೂ ಅವರ ಆಳ್ವಿಕೆಯ ಬೆಳ್ಳಿ ಹಬ್ಬವನ್ನು 1927ರಲ್ಲಿ ಆಚರಿಸಿತು, ಅಂದರೆ ಇಪ್ಪತ್ತೈದನ್ನು 1902ರಿಂದಲೇ ಎಣಿಸಿತು. ತಂದೆ ತೀರಿದ ದಿನದಿಂದ ಎಣಿಸುವುದು, ಒಬ್ಬ ದೊರೆ ಹೋದ ಕ್ಷಣದಲ್ಲೇ ಮುಂದಿನವನು ದೊರೆ ಎಂದು ಒಪ್ಪುವ ಪದ್ಧತಿ. ಇದರಲ್ಲಿ ಇಬ್ಬರ ನಡುವೆ ಖಾಲಿ ದಿನ ಉಳಿಯುವುದಿಲ್ಲ. ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದು ಪಟ್ಟಿಯಲ್ಲಿರುವ ಎಲ್ಲ ದೊರೆಗಳಿಗೂ ಅದನ್ನೇ ಹಿಡಿಯಿರಿ. ಒಬ್ಬರಿಗೆ ಪಟ್ಟದ ದಿನ, ಇನ್ನೊಬ್ಬರಿಗೆ ಅಧಿಕಾರ ಬಂದ ದಿನ ಹಾಕಿದರೆ ಯಾರು ಹೆಚ್ಚು ಕಾಲ ಆಳಿದರು ಎಂಬ ಹೋಲಿಕೆಯೇ ಕೆಡುತ್ತದೆ. ಚಾಮರಾಜೇಂದ್ರರನ್ನೇ ನೋಡಿ: ಪಟ್ಟವಾದದ್ದು 23-9-1868ರಂದು, ಬ್ರಿಟಿಷರು ಆಡಳಿತವನ್ನು ಹಿಂದಿರುಗಿಸಿದ್ದು 25-3-1881ರಂದು. ಒಂದು ಲೆಕ್ಕದಲ್ಲಿ ಅವರ ಆಳ್ವಿಕೆ 26 ವರ್ಷ 3 ತಿಂಗಳು 5 ದಿನ, ಇನ್ನೊಂದರಲ್ಲಿ 13 ವರ್ಷ 9 ತಿಂಗಳು 3 ದಿನ. ಹೆಚ್ಚುಕಡಿಮೆ ಅರ್ಧಕ್ಕರ್ಧ.

ಕಳೆಯುವುದು

ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದುಕೊಂಡು, ಮರಣದ ದಿನಾಂಕ ಮೇಲೆ, ಆರಂಭದ ದಿನಾಂಕ ಕೆಳಗೆ ಇಟ್ಟು ಬಲದಿಂದ ಎಡಕ್ಕೆ ಕಳೆಯಿರಿ. ಪಟ್ಟದ ದಿನದಿಂದ ಎಣಿಸಿದರೆ ಲೆಕ್ಕ ಸಲೀಸು:

```
1940 - 08 - 03
1895 - 02 - 01
--------------
  45   06   02
```

45 ವರ್ಷ 6 ತಿಂಗಳು 2 ದಿನ. ಅಧಿಕಾರ ಬಂದ ದಿನದಿಂದ ಎಣಿಸಿದರೆ ಮಾತ್ರ ಸಾಲ ತೆಗೆಯಬೇಕಾಗುತ್ತದೆ. 3ರಲ್ಲಿ 8 ಹೋಗುವುದಿಲ್ಲ. ಆಗಸ್ಟಿಗೆ ಹಿಂದಿನ ತಿಂಗಳು ಜುಲೈ, ಅದಕ್ಕೆ 31 ದಿನ. ಆ 31ನ್ನು ಸಾಲ ತಂದರೆ 34, ಅದರಲ್ಲಿ 8 ಕಳೆದರೆ 26 ದಿನ. ತಿಂಗಳು ಈಗ 8 ಅಲ್ಲ, 7. ಅದರಲ್ಲೂ 8 ಹೋಗುವುದಿಲ್ಲ, ವರ್ಷದಿಂದ 12 ತಂದರೆ 19, ಕಳೆದು ಉಳಿದದ್ದು 11. ವರ್ಷ 1939 ಆಗಿದೆ, 1902 ಕಳೆದರೆ 37. ಉತ್ತರ 37 ವರ್ಷ 11 ತಿಂಗಳು 26 ದಿನ. 38 ತುಂಬಲು ಐದು ದಿನ ಬಾಕಿ ಇತ್ತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಕಣ್ಣುಮುಚ್ಚಿ 30 ದಿನ ಸಾಲ ತರುವುದು. ಆಗ 26ರ ಬದಲು 25 ಬರುತ್ತದೆ. ಸಾಲ ತರಬೇಕಾದದ್ದು ಮರಣದ ತಿಂಗಳಿಗೆ ಹಿಂದಿನ ತಿಂಗಳಿನಿಂದ, ಆ ತಿಂಗಳಿಗೆ ನಿಜಕ್ಕೂ ಎಷ್ಟು ದಿನವಿದೆಯೋ ಅಷ್ಟು. ಮಾರ್ಚ್‌ನಲ್ಲಿ ತೀರಿಕೊಂಡ ದೊರೆಯಾದರೆ ಆ ವರ್ಷ ಫೆಬ್ರವರಿಗೆ 28 ದಿನವೋ 29 ದಿನವೋ ಎಂದು ನೋಡಿಕೊಳ್ಳಬೇಕು.

ಹೀಗೆ ಕಳೆದಾಗ ಎರಡು ತುದಿಯ ದಿನಗಳಲ್ಲಿ ಒಂದು ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಪಟ್ಟದ ದಿನವನ್ನೂ ಮರಣದ ದಿನವನ್ನೂ ಸೇರಿಸಬೇಕೆಂದರೆ ಒಂದು ದಿನ ಹೆಚ್ಚಾಗುತ್ತದೆ. ಆಳ್ವಿಕೆಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಸೇರಿಸುವುದಿಲ್ಲ. ಸೇರಿಸದಿರುವುದೇ ಒಳ್ಳೆಯದು, ಯಾಕೆಂದರೆ ಕೆಳಗೆ ಹೇಳುವ ಕೂಡಿಸಿ ನೋಡುವ ಪರೀಕ್ಷೆ ಆಗ ಮಾತ್ರ ಸರಿಯಾಗಿ ನಡೆಯುತ್ತದೆ.

ತುಂಡು ವರ್ಷ: ತುಂಬಿದ್ದೋ, ನಡೆಯುತ್ತಿದ್ದದ್ದೋ?

37 ವರ್ಷ 11 ತಿಂಗಳು 26 ದಿನ. ಇದನ್ನು ಒಂದೇ ಸಂಖ್ಯೆಯಲ್ಲಿ ಹೇಳಿ ಎಂದರೆ ಏನು ಹೇಳುತ್ತೀರಿ? ನಮ್ಮ ಮನೆಗಳಲ್ಲಿ ಮಕ್ಕಳ ವಯಸ್ಸು ಹೇಳುವಾಗ ಈ ಗೊಂದಲವನ್ನು ಹಿರಿಯರು ಎಂದೋ ಬಗೆಹರಿಸಿದ್ದಾರೆ: ‘ಇಷ್ಟು ತುಂಬಿ ಇಷ್ಟರಲ್ಲಿ ನಡೆಯುತ್ತಿದೆ.’ ಆಳ್ವಿಕೆಗೂ ಅದೇ ಮಾತು. ನಾಲ್ವಡಿಯವರ ಸ್ವಂತ ಅಧಿಕಾರಕ್ಕೆ 37 ತುಂಬಿ 38 ನಡೆಯುತ್ತಿತ್ತು. ‘38 ವರ್ಷ ಆಳಿದರು’ ಎಂದರೆ ಹತ್ತಿರದ ಪೂರ್ಣ ಸಂಖ್ಯೆಗೆ ತಂದ ಮಾತು. ಹಾಗೆ ಬರೆಯುವುದಾದರೆ ‘ಸುಮಾರು’ ಸೇರಿಸಿ. ‘ಆಳ್ವಿಕೆಯ 38ನೆಯ ವರ್ಷದಲ್ಲಿ ತೀರಿಕೊಂಡರು’ ಎಂದರೆ ಯಾವ ಒಕ್ಕಣೆಯೂ ಬೇಡ, ಅದು ನಿಖರ. ‘38’ಕ್ಕೂ ‘38ನೆಯ’ದಕ್ಕೂ ನಡುವೆ ಒಂದು ವರ್ಷದವರೆಗೂ ವ್ಯತ್ಯಾಸ ಇರಬಹುದು.

ಇದಲ್ಲದೆ ಮೂರನೆಯ ಎಣಿಕೆಯೊಂದಿದೆ. ಪಟ್ಟದ ದಿನವನ್ನು ಬಿಟ್ಟು ಕ್ಯಾಲೆಂಡರಿನ ಇಸವಿಗಳನ್ನೇ ಬೆರಳು ಮಡಚಿ ಎಣಿಸುವುದು: 1902 ಒಂದು, 1903 ಎರಡು, ಹೀಗೆ ಹೋದರೆ 1940ಕ್ಕೆ 39. ಮೊದಲ ವರ್ಷದಲ್ಲಿ ಆಳಿದ್ದು ಐದು ತಿಂಗಳೂ ಇಲ್ಲ, ಕೊನೆಯದರಲ್ಲಿ ಏಳು ತಿಂಗಳು ಚಿಲ್ಲರೆ. ಎರಡು ತುಂಡುಗಳನ್ನೂ ಇಡೀ ವರ್ಷವೆಂದು ಎಣಿಸಿದ್ದರಿಂದ ನಿಜವಾದ ಅವಧಿಗಿಂತ ಒಂದು ವರ್ಷಕ್ಕೂ ಹೆಚ್ಚು ಉಬ್ಬಿತು. ಒಂದೇ ಆಳ್ವಿಕೆಗೆ 37, 38, 39 ಎಂಬ ಮೂರು ಸಂಖ್ಯೆಗಳು ಕಾಣಿಸಿಕೊಂಡರೆ ಗಾಬರಿ ಬೇಡ. ಮೊದಲನೆಯದು ತುಂಬಿದ ವರ್ಷ, ಎರಡನೆಯದು ನಡೆಯುತ್ತಿದ್ದ ವರ್ಷ, ಮೂರನೆಯದು ಕಾಲಿಟ್ಟ ವರ್ಷಗಳ ಎಣಿಕೆ.

ತುಂಬಿದ ವರ್ಷ ಎಷ್ಟೆಂದು ಬೇಗ ತಿಳಿಯಲು ಒಂದು ಸುಲಭ ಉಪಾಯ: ಇಸವಿಗಳನ್ನು ಕಳೆಯಿರಿ. ಪಟ್ಟದ ತಾರೀಖು ಮರಣದ ವರ್ಷದಲ್ಲಿ ಮತ್ತೆ ಬಂದುಹೋಗಿದ್ದರೆ ಉತ್ತರ ಅದೇ. ಬರುವ ಮೊದಲೇ ಮರಣವಾಗಿದ್ದರೆ ಒಂದು ಕಡಿಮೆ ಮಾಡಿ. 1895ರ ಲೆಕ್ಕದಲ್ಲಿ ಫೆಬ್ರವರಿ 1 ಬಂದುಹೋಗಿತ್ತು, ಹಾಗಾಗಿ 45. 1902ರ ಲೆಕ್ಕದಲ್ಲಿ ಆಗಸ್ಟ್ 8 ಇನ್ನೂ ಬಂದಿರಲಿಲ್ಲ, ಹಾಗಾಗಿ 38 ಅಲ್ಲ, 37.

ಇಸವಿಗಳು ಮಾತ್ರ ಗೊತ್ತಿದ್ದು ತಿಂಗಳು ತಾರೀಖು ಸಿಗದಿದ್ದಾಗ ಏನು ಮಾಡಬೇಕು? 1895–1940 ಎಂದಷ್ಟೇ ಗೊತ್ತಿದೆ ಎಂದುಕೊಳ್ಳಿ. 1895ರ ಕೊನೆಯ ದಿನ ಪಟ್ಟವಾಗಿ 1940ರ ಮೊದಲ ದಿನ ತೀರಿಕೊಂಡಿದ್ದರೆ ಅವಧಿ 44 ವರ್ಷ 1 ದಿನ. 1895ರ ಮೊದಲ ದಿನ ಪಟ್ಟವಾಗಿ 1940ರ ಕೊನೆಯ ದಿನ ತೀರಿಕೊಂಡಿದ್ದರೆ 46ಕ್ಕೆ ಒಂದೇ ದಿನ ಕಡಿಮೆ. ಅಂದರೆ ಇಸವಿ ಕಳೆದು ಬಂದ ಸಂಖ್ಯೆಗೆ ಹೆಚ್ಚೆಂದರೆ ಒಂದು ವರ್ಷ ಆಚೆ ಅಥವಾ ಈಚೆ. ‘ಸುಮಾರು 45’ ಎಂದು ಬರೆಯುವುದು ಪ್ರಾಮಾಣಿಕ. ಎರಡೂ ತುದಿ ಸೇರಿಸಿ 46 ಎಂದು ಬರೆಯುವುದೆಂದರೆ ಅವಧಿಯ ಗರಿಷ್ಠ ಮಿತಿಯನ್ನೇ ಉತ್ತರ ಮಾಡಿದಂತೆ. ದೀರ್ಘ ಆಳ್ವಿಕೆಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಎರಡು ಮೂರು ವರ್ಷ ಆಳಿದವರ ವಿಷಯದಲ್ಲಿ ಒಂದು ವರ್ಷ ಎಂದರೆ ಆಳ್ವಿಕೆಯ ಮೂರನೆಯ ಒಂದು ಪಾಲು.

ಕೂಡಿಸಿ ನೋಡುವ ಪರೀಕ್ಷೆ

ಒಂದಾದ ಮೇಲೊಂದರಂತೆ ಬಂದ ಆಳ್ವಿಕೆಗಳನ್ನು ಲೆಕ್ಕ ಹಾಕಿದ್ದರೆ, ಎಲ್ಲವನ್ನೂ ಕೂಡಿಸಿ ಮೊದಲ ತುದಿಯಿಂದ ಕೊನೆಯ ತುದಿಯವರೆಗಿನ ಒಟ್ಟು ಅವಧಿಯ ಜೊತೆ ಹೋಲಿಸಿ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 27-3-1868. ಖಾಲಿ ದಿನ ಉಳಿಸದ ಪದ್ಧತಿಯಲ್ಲಿ ಅಲ್ಲಿಂದ 28-12-1894ರವರೆಗೆ ಚಾಮರಾಜೇಂದ್ರರದು 26 ವರ್ಷ 9 ತಿಂಗಳು 1 ದಿನ. ಅಲ್ಲಿಂದ 3-8-1940ರವರೆಗೆ ನಾಲ್ವಡಿಯವರದು 45 ವರ್ಷ 7 ತಿಂಗಳು 6 ದಿನ. ಕೂಡಿಸಿದರೆ 72 ವರ್ಷ 4 ತಿಂಗಳು 7 ದಿನ. 1868ರಿಂದ 1940ರವರೆಗೆ ನೇರವಾಗಿ ಕಳೆದರೂ ಅಷ್ಟೇ ಬರುತ್ತದೆ.

ಇದನ್ನೇ ಕಾಲಿಟ್ಟ ವರ್ಷಗಳ ಎಣಿಕೆಯಲ್ಲಿ ಮಾಡಿ ನೋಡಿ. 1868ರಿಂದ 1894ಕ್ಕೆ 27, 1894ರಿಂದ 1940ಕ್ಕೆ 47, ಒಟ್ಟು 74. ಆದರೆ 1868ರಿಂದ 1940ರವರೆಗೆ ಬೆರಳು ಮಡಚಿದರೆ 73 ಮಾತ್ರ. 1894 ಎಂಬ ಒಂದೇ ವರ್ಷ ತಂದೆಯ ಖಾತೆಗೂ ಬಿತ್ತು, ಮಗನ ಖಾತೆಗೂ ಬಿತ್ತು. ದೊರೆಗಳ ಸಂಖ್ಯೆ ಹೆಚ್ಚಿದಂತೆ ಈ ಉಬ್ಬರ ಬೆಳೆಯುತ್ತದೆ. ಹತ್ತು ದೊರೆಗಳ ಸಾಲಿನಲ್ಲಿ ಒಂಬತ್ತು ವರ್ಷ ಹೆಚ್ಚುವರಿ ಬರುತ್ತದೆ. ಹಳೆಯ ರಾಜವಂಶಗಳ ಪಟ್ಟಿಯಲ್ಲಿ ಆಳ್ವಿಕೆಗಳ ಮೊತ್ತ ನಿಜವಾದ ಕಾಲಕ್ಕಿಂತ ಹೆಚ್ಚಾಗಿ, ಆ ಹೆಚ್ಚಳ ದೊರೆಗಳ ಸಂಖ್ಯೆಗಿಂತ ಒಂದು ಕಡಿಮೆ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎಕ್ಸೆಲ್‌ನಲ್ಲಿ ಮಾಡುವವರಿಗೆ

ಎಕ್ಸೆಲ್‌ನ ದಿನಾಂಕಗಳು 1-1-1900ರಿಂದ ಶುರುವಾಗುತ್ತವೆ. ಅದಕ್ಕಿಂತ ಹಿಂದಿನದನ್ನು ಟೈಪ್ ಮಾಡಿದರೆ ಅದು ಬರೀ ಅಕ್ಷರ, ದಿನಾಂಕವಲ್ಲ. `DATE(1895,2,1)` ಎಂದು ಕೊಟ್ಟರೆ ಇನ್ನೂ ಮೋಸ: ಅದು 1895ಕ್ಕೆ 1900 ಸೇರಿಸಿ 3795ನೆಯ ಇಸವಿಗೆ ಕೊಂಡೊಯ್ಯುತ್ತದೆ. ಉಪಾಯ ಸುಲಭ, ಎರಡೂ ದಿನಾಂಕಗಳಿಗೆ 400 ವರ್ಷ ಸೇರಿಸಿ. ಈಗಿನ ಕ್ಯಾಲೆಂಡರಿನಲ್ಲಿ ಅಧಿಕ ವರ್ಷಗಳ ಸರಣಿ 400 ವರ್ಷಕ್ಕೊಮ್ಮೆ ಹಾಗೆಯೇ ಮರುಕಳಿಸುವುದರಿಂದ ಅಂತರ ಬದಲಾಗುವುದಿಲ್ಲ.

```
=DATEDIF(DATE(2295,2,1),DATE(2340,8,3),"Y")
=DATEDIF(DATE(2295,2,1),DATE(2340,8,3),"YM")
=DATE(2340,8,3)-DATE(2295,2,1)
```

ಮೊದಲನೆಯದು 45 ಕೊಡುತ್ತದೆ, ಎರಡನೆಯದು 6, ಮೂರನೆಯದು 16619 ದಿನ (ಅದರ ಉತ್ತರ ದಿನಾಂಕದ ರೂಪದಲ್ಲಿ ಕಂಡರೆ ಆ ಕೋಶವನ್ನು ಸಂಖ್ಯೆಯ ರೂಪಕ್ಕೆ ಬದಲಿಸಿ). 100 ಸೇರಿಸಿದರೆ ಸಾಲದೇ ಎಂದರೆ ಸಾಲದು. 1900 ಅಧಿಕ ವರ್ಷವಲ್ಲ, 2000 ಅಧಿಕ ವರ್ಷ, ಅಲ್ಲೇ ಒಂದು ದಿನ ತಪ್ಪುತ್ತದೆ.

ಇಸವಿ ಎಲ್ಲಿ ಬದಲಾಗುತ್ತದೆ?

ಇಷ್ಟು ಹೊತ್ತು ವರ್ಷ ಜನವರಿ 1ಕ್ಕೆ ಬದಲಾಗುತ್ತದೆ ಎಂದು ಹಿಡಿದಿದ್ದೆವು. ಎಲ್ಲ ಕಾಲದಲ್ಲೂ ಹಾಗಿರಲಿಲ್ಲ. ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದದ್ದು 17-11-1558. ಆಕೆ ತೀರಿಕೊಂಡದ್ದನ್ನು ಇಂದಿನ ಪುಸ್ತಕಗಳು 24-3-1603 ಎನ್ನುತ್ತವೆ. ಆದರೆ ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಆ ಕಾಲದ ಲೆಕ್ಕದಲ್ಲಿ ಅದು 1602ರ ಕೊನೆಯ ದಿನ. ಹಳೆಯ ದಾಖಲೆಯ ‘1602’ನ್ನು ಹಾಗೆಯೇ ತೆಗೆದುಕೊಂಡು ಕಳೆದರೆ 43 ವರ್ಷ 4 ತಿಂಗಳು 7 ದಿನ ಬರುತ್ತದೆ. ಸರಿಯಾದದ್ದು 44 ವರ್ಷ 4 ತಿಂಗಳು 7 ದಿನ. ತಿಂಗಳು ದಿನ ಎಲ್ಲ ಸರಿ, ವರ್ಷ ಮಾತ್ರ ತಪ್ಪು. ಈ ಬಗೆಯ ತಪ್ಪಿನ ಗುರುತೇ ಅದು.

ನಮ್ಮ ಶಕವರ್ಷ ಚೈತ್ರದಲ್ಲಿ ಬದಲಾಗುವುದರಿಂದ ಶಾಸನಗಳಲ್ಲೂ ಇದೇ ಪೇಚು. ಗತ ಶಕಕ್ಕೆ, ಅಂದರೆ ತುಂಬಿದ ಶಕವರ್ಷಕ್ಕೆ, 78 ಕೂಡಿಸಿದರೆ ಇಸವಿ ಸಿಗುತ್ತದೆ. ಆದರೆ ಜನವರಿ ದಾಟಿ ಬೀಳುವ ದಿನಗಳಿಗೆ, ಅಂದರೆ ಪುಷ್ಯದ ಒಂದು ಭಾಗ, ಮಾಘ ಮತ್ತು ಫಾಲ್ಗುಣಗಳಿಗೆ 79 ಕೂಡಿಸಬೇಕು. ಅದರ ಮೇಲೆ ಇನ್ನೊಂದು ತೊಡಕು: ಶಾಸನದ ಶಕ ಸಂಖ್ಯೆ ತುಂಬಿದ ವರ್ಷದ್ದೋ ನಡೆಯುತ್ತಿರುವ ವರ್ಷದ್ದೋ? ‘ಗತ’, ‘ವರ್ತಮಾನ’ ಎಂಬ ಮಾತುಗಳು ಇರುವುದು ಇದಕ್ಕೇ, ಆದರೆ ಬರೆದವರೆಲ್ಲ ಅದನ್ನು ಎಚ್ಚರದಿಂದ ಬಳಸಿಲ್ಲ. ತೀರ್ಮಾನಿಸಲು ಸಂವತ್ಸರದ ಹೆಸರು ನೆರವಾಗುತ್ತದೆ. ಗತ ಶಕವನ್ನು 60ರಿಂದ ಭಾಗಿಸಿ ಉಳಿದ ಶೇಷಕ್ಕೆ 12 ಕೂಡಿಸಿ, 60 ಮೀರಿದರೆ 60 ಕಳೆಯಿರಿ. ಬಂದ ಸಂಖ್ಯೆ ಪ್ರಭವದಿಂದ ಎಣಿಸಿದಾಗ ಎಷ್ಟನೆಯ ಸಂವತ್ಸರ ಎಂಬುದನ್ನು ಹೇಳುತ್ತದೆ.

ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ತನ್ನದೇ ವಿಕ್ರಮ ವರ್ಷ ಶುರುಮಾಡಿದ. ಅದರ 1ನೆಯ ವರ್ಷ ಗತ ಶಕ 998. 60ರಿಂದ ಭಾಗಿಸಿದರೆ ಶೇಷ 38, ಅದಕ್ಕೆ 12 ಸೇರಿದರೆ 50, ಅದು ನಳ ಸಂವತ್ಸರ, ಅಂದರೆ 1076–77. ಗಮನಿಸಿ, ಇಲ್ಲಿ ಮೊದಲ ವರ್ಷವೇ ‘ಒಂದು’, ಸೊನ್ನೆಯಲ್ಲ. ಆದ್ದರಿಂದ ವಿಕ್ರಮ ವರ್ಷ 37 ಎಂದಿದ್ದರೆ 36 ತುಂಬಿ 37 ನಡೆಯುತ್ತಿದೆ ಎಂದರ್ಥ. ಅವನ ಮರಣ 1126ರಲ್ಲಿ. ಆ ವರ್ಷದ ಚೈತ್ರಕ್ಕೆ ಶುರುವಾದದ್ದು ವಿಕ್ರಮ ವರ್ಷ 51. ಅದನ್ನು ನೋಡಿ 51 ವರ್ಷ ಆಳಿದ ಎಂದು ಬರೆಯುವಂತಿಲ್ಲ. 50ರ ಆಸುಪಾಸು ಎನ್ನಬೇಕು.

ಕೃಷ್ಣದೇವರಾಯನ ಲೆಕ್ಕ

ಇವನ ಆಳ್ವಿಕೆಯ ಕೊನೆಯ ತುದಿ ಬಹಳ ಕಾಲ 1529 ಎಂದಷ್ಟೇ ಇತ್ತು. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನ 2021ರಲ್ಲಿ ಬೆಳಕಿಗೆ ಬಂದ ಮೇಲೆ ಮರಣದ ದಿನವೇ ಸಿಕ್ಕಿತು: 17-10-1529, ಭಾನುವಾರ, ಚಂದ್ರಗ್ರಹಣ. ಇಂಥ ದಿನಾಂಕ ಕೈಗೆ ಬಂದಾಗ ವಾರವನ್ನೂ ಹುಣ್ಣಿಮೆಯನ್ನೂ ತಾಳೆ ನೋಡಬೇಕು. 1582ಕ್ಕೆ ಹಿಂದಿನ ದಿನಾಂಕವಾದ್ದರಿಂದ ಇದನ್ನು ಜೂಲಿಯನ್ ಕ್ಯಾಲೆಂಡರಿನಲ್ಲಿ ನೋಡಬೇಕು, ಇಲ್ಲದಿದ್ದರೆ ವಾರ ಹೊಂದುವುದಿಲ್ಲ. ಹಾಗೆ ನೋಡಿದರೆ ಆ ದಿನ ಭಾನುವಾರವೇ, ಹುಣ್ಣಿಮೆಯೂ ಹೌದು. ಗ್ರಹಣಕ್ಕೆ ಹುಣ್ಣಿಮೆ ಬೇಕೇ ಬೇಕು.

ಮೊದಲ ತುದಿಯಲ್ಲಿ ತಕರಾರಿದೆ. ಹಂಪಿಯ ವಿರೂಪಾಕ್ಷ ಗುಡಿಯ ಶಾಸನ ಅವನ ಪಟ್ಟಾಭಿಷೇಕೋತ್ಸವವನ್ನು ಹೇಳುತ್ತ ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎನ್ನುತ್ತದೆ. ಶಕ ಸಂಖ್ಯೆಯನ್ನೇ ನಂಬಿ ಮಾಘಕ್ಕೆ 79 ಕೂಡಿಸಿದರೆ 1509ರ ಆರಂಭ. ಆದರೆ ಸಂವತ್ಸರ ನೋಡಿ: 1430ನ್ನು 60ರಿಂದ ಭಾಗಿಸಿದರೆ ಶೇಷ 50, 12 ಸೇರಿಸಿ 60 ಕಳೆದರೆ 2, ಅದು ವಿಭವ, ಶುಕ್ಲವಲ್ಲ. ಶುಕ್ಲ ಬೇಕೆಂದರೆ ಗತ ಶಕ 1431 ಆಗಬೇಕು. ಸಂಖ್ಯೆ ಒಂದು ಹೇಳಿ ಸಂವತ್ಸರ ಇನ್ನೊಂದು ಹೇಳಿದಾಗ ಸಂವತ್ಸರದ ಕಡೆ ವಾಲುವುದು ವಾಡಿಕೆ, ಯಾಕೆಂದರೆ ಜನ ದಿನಬಳಕೆಯಲ್ಲಿ ಹೇಳುತ್ತಿದ್ದದ್ದು ಆ ಹೆಸರನ್ನೇ. 1431ಕ್ಕೆ 79 ಕೂಡಿಸಿದರೆ 1510, ತಿಥಿಯ ಪ್ರಕಾರ ಜನವರಿ 23–24ರ ಸುಮಾರು. ಶಕ ಸಂಖ್ಯೆಯನ್ನೇ ಹಿಡಿದಿದ್ದರೆ ಆಳ್ವಿಕೆ ಒಂದು ವರ್ಷ ಉದ್ದವಾಗುತ್ತಿತ್ತು.

ಆದರೆ ಉತ್ಸವದ ದಿನವೇ ಆಳ್ವಿಕೆಯ ಮೊದಲ ದಿನವಾಗಬೇಕಿಲ್ಲ. ರಾಯನು ಅಧಿಕಾರಕ್ಕೆ ಬಂದದ್ದನ್ನು ಇತಿಹಾಸಕಾರರು 1509ರ ಮಧ್ಯಭಾಗಕ್ಕೆ ಇಡುತ್ತಾರೆ. ಜುಲೈ 26, ಆಗಸ್ಟ್ 8 ಎಂಬ ಎರಡು ದಿನಾಂಕಗಳು ಬಳಕೆಯಲ್ಲಿವೆ. ಎರಡನ್ನೂ ಲೆಕ್ಕ ಹಾಕಿ. ಮೊದಲನೆಯದರಿಂದ 20 ವರ್ಷ 2 ತಿಂಗಳು 21 ದಿನ, ಎರಡನೆಯದರಿಂದ 20 ವರ್ಷ 2 ತಿಂಗಳು 9 ದಿನ. ದಿನಗಳನ್ನು ಬಿಟ್ಟರೆ ಎರಡೂ ಒಂದೇ. ಎರಡೂ ಒಪ್ಪುವಷ್ಟನ್ನೇ ಬರೆಯಬೇಕು: ‘20 ವರ್ಷ 2 ತಿಂಗಳು, 21ನೆಯ ವರ್ಷ ನಡೆಯುತ್ತಿತ್ತು.’ ಹಂಪಿಯ ಉತ್ಸವದಿಂದ ಎಣಿಸುವವರಿಗೆ 19 ವರ್ಷ 8 ತಿಂಗಳ ಮೇಲೆ ಕೆಲವು ದಿನ; ಹಾಗೆ ಬರೆಯುವವರು ಪಕ್ಕದಲ್ಲಿ ‘ಪಟ್ಟಾಭಿಷೇಕೋತ್ಸವದಿಂದ’ ಎಂದು ಸೇರಿಸಿದರೆ, 20 ಎಂದು ಓದಿದವರು ಅವರ ಜೊತೆ ಜಗಳಕ್ಕೆ ಬರುವುದಿಲ್ಲ.